ಅನುದಾನದ ಅರ್ಜಿ ಓದುವಾಗ ಮೊದಲು ಬಜೆಟ್ ಪುಟ ತೆಗೆಯಿರಿ

ಸಣ್ಣ ಟ್ರಸ್ಟ್‌ಗಳಲ್ಲಿ, ಕಂಪನಿಗಳ ಸಿಎಸ್‌ಆರ್ ಸಮಿತಿಗಳಲ್ಲಿ, ಹಳೆ ವಿದ್ಯಾರ್ಥಿ ಸಂಘಗಳಲ್ಲಿ ಕೂತು ಅನುದಾನದ ಅರ್ಜಿ ಓದುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈಚೆಗೆ ಎಲ್ಲ ಅರ್ಜಿಗಳೂ ಚೆನ್ನಾಗಿವೆ. ಭಾಷೆ ನಯವಾಗಿದೆ, ತಲೆಬರಹಗಳು ಸಾಲಾಗಿವೆ, ಕಾಗುಣಿತ ತಪ್ಪಿಲ್ಲ. ಆದರೆ ಓದಿ ಮುಗಿಸಿದ ಮೇಲೂ ಈ ದುಡ್ಡಲ್ಲಿ ಇವರು ನಿಜಕ್ಕೂ ಏನು ಮಾಡ್ತಾರೆ ಅನ್ನೋದು ಗೊತ್ತಾಗುವುದಿಲ್ಲ. ಇಂಥ ಅರ್ಜಿಗಳಲ್ಲಿ ಹಲವನ್ನು ಎಐ ಬರೆದಿರುತ್ತದೆ. ಅದನ್ನು ಹೇಗೆ ಗುರುತಿಸುವುದು, ಗುರುತಿಸಿದ ಮೇಲೆ ಏನು ಮಾಡುವುದು ಎಂಬುದೇ ಇಲ್ಲಿನ ವಿಷಯ.

ಮೊದಲಿಗೆ ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಒಂದು ಸಲ ಭಾಷೆಯನ್ನಷ್ಟೇ ನೋಡಿ, ಇದು ಎಐ ಬರೆದಿದ್ದು ಎಂದು ಒಂದು ಅರ್ಜಿಯನ್ನು ಪಕ್ಕಕ್ಕಿಟ್ಟೆ. ಆಮೇಲೆ ಗೊತ್ತಾಯಿತು, ಆ ಸಂಸ್ಥೆಯವರು ಕನ್ನಡದಲ್ಲಿ ಬರೆದುಕೊಂಡು, ಇಂಗ್ಲಿಷ್ ಬಾರದ ಕಾರಣಕ್ಕೆ ಎಐನಿಂದ ಅನುವಾದ ಮಾಡಿಸಿದ್ದರು. ಅವರ ಕೆಲಸ ಗಟ್ಟಿಯಾಗಿತ್ತು. ಬಜೆಟ್‌ನಲ್ಲಿ ಪೈಪಿನ ಅಳತೆಯೂ ಇತ್ತು, ಅದನ್ನು ನಾನು ಓದಿರಲೇ ಇಲ್ಲ. ಅವರಿಗೆ ಆ ವರ್ಷ ದುಡ್ಡು ಸಿಗಲಿಲ್ಲ. ಅಂದಿನಿಂದ ನಾನು ಭಾಷೆಯ ಮೇಲೆ ತೀರ್ಮಾನ ಕೊಡುವುದಿಲ್ಲ.

ಪತ್ತೆ ಹಚ್ಚುವ ತಂತ್ರಾಂಶಗಳನ್ನೂ ನಂಬಬೇಡಿ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅಂಥ ಏಳು ತಂತ್ರಾಂಶಗಳಿಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಇಂಗ್ಲಿಷ್ ಮಾತೃಭಾಷೆಯಲ್ಲದ ಮನುಷ್ಯರು ತಾವೇ ಬರೆದ ಪ್ರಬಂಧಗಳು ಅವು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಎಐ ಬರೆದದ್ದು ಎಂದು ಅವು ತಪ್ಪಾಗಿ ಹೇಳಿದವು. ನಮ್ಮ ಹಳ್ಳಿಗಳ ಸಂಸ್ಥೆಗಳು ಬರೆಯುವ ಇಂಗ್ಲಿಷ್ ಕೂಡ ಅದೇ ಥರದ್ದು, ಅಲ್ವಾ? ಅದೇ ವರ್ಷ ಜುಲೈನಲ್ಲಿ ಓಪನ್‌ಎಐ ಕಂಪನಿ ತನ್ನದೇ ಪತ್ತೆ ಸಾಧನವನ್ನು, ನಿಖರತೆ ಕಡಿಮೆ ಎಂದು ಹಿಂದಕ್ಕೆ ತೆಗೆದುಕೊಂಡಿತು.

ಹಾಗಾದರೆ ಏನನ್ನು ನೋಡಬೇಕು? ಎಐಗೆ ಭಾಷೆ ಗೊತ್ತು, ಊರು ಗೊತ್ತಿಲ್ಲ. ಶಾಲೆಯ ಮಾಡು ಹೆಂಚಿನದೋ ಆರ್‌ಸಿಸಿಯೋ, ಟ್ಯಾಂಕ್ ಎಲ್ಲಿ ಕೂರುತ್ತದೆ, ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನು ಯಾರಾದರೂ ಹೇಳಿಕೊಟ್ಟರೆ ಮಾತ್ರ ಅದು ಬರೆಯುತ್ತದೆ. ಯಾರೂ ಹೇಳಿಕೊಡದಿದ್ದಾಗ ಆ ಕೊರತೆ ಎರಡೇ ಜಾಗದಲ್ಲಿ ಎದ್ದು ಕಾಣುತ್ತದೆ. ಒಂದು ಬಜೆಟ್, ಇನ್ನೊಂದು ಫಲಿತಾಂಶ. ಈ ಎರಡನ್ನು ಓದುವ ಕ್ರಮವನ್ನು ಒಂದು ಉದಾಹರಣೆಯ ಮೇಲೆ ತೋರಿಸುತ್ತೇನೆ.

ಉದಾಹರಣೆಯ ಅರ್ಜಿ

ಇದು ಯಾವ ಒಂದು ಸಂಸ್ಥೆಯ ಅರ್ಜಿಯೂ ಅಲ್ಲ. ಒಂದೇ ಥರದ ಹಲವು ಅರ್ಜಿಗಳನ್ನು ಸೇರಿಸಿ ನಾನು ಮಾಡಿದ ನಮೂನೆ. ವಿಷಯ, ಪಾವಗಡ ತಾಲ್ಲೂಕಿನ ಆರು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಳೆನೀರು ಕೊಯ್ಲು. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದರಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ, ಅದೇ ಹಲ್ಲಿನ ಫ್ಲೋರೋಸಿಸ್. ಮಳೆನೀರಲ್ಲಿ ಆ ತೊಂದರೆ ಇಲ್ಲ, ಹಾಗಾಗಿ ಯೋಚನೆ ಸರಿಯಾಗಿಯೇ ಇದೆ. ಅನುದಾನದ ಮಿತಿ 10 ಲಕ್ಷ ರೂಪಾಯಿ. ಅರ್ಜಿಯಲ್ಲಿ ಬರೆದ ಫಲಿತಾಂಶಗಳು ಹೀಗಿವೆ: ಪ್ರತಿ ಶಾಲೆಯಲ್ಲಿ ವರ್ಷಕ್ಕೆ 2 ಲಕ್ಷ ಲೀಟರ್ ನೀರಿನ ಸಂಗ್ರಹ. ಮಕ್ಕಳಿಗೆ ವರ್ಷವಿಡೀ ಸುರಕ್ಷಿತ ಕುಡಿಯುವ ನೀರು. ಒಂದು ವರ್ಷದಲ್ಲಿ ಹಲ್ಲಿನ ಫ್ಲೋರೋಸಿಸ್ ಶೇ. 40ರಷ್ಟು ಇಳಿಕೆ. ಜಲಸಂರಕ್ಷಣೆಯ ಬಗ್ಗೆ ಸಮುದಾಯದಲ್ಲಿ ಗಣನೀಯ ಅರಿವು ಮತ್ತು ಸಬಲೀಕರಣ.

ಬಜೆಟ್ ಹೀಗಿದೆ: ಸಾಮಗ್ರಿ ಮತ್ತು ನಿರ್ಮಾಣ 4,00,000. ತರಬೇತಿ ಮತ್ತು ಸಾಮರ್ಥ್ಯ ವೃದ್ಧಿ 2,00,000. ಸಮುದಾಯ ಜಾಗೃತಿ 1,50,000. ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ 1,00,000. ಆಡಳಿತ ವೆಚ್ಚ 1,00,000. ಅನಿರೀಕ್ಷಿತ ವೆಚ್ಚ 50,000. ಒಟ್ಟು 10,00,000.

ಮೊದಲ ಹೆಜ್ಜೆ: ಬಜೆಟ್ ಮೇಲಿಂದ ಬಂದಿದೆಯೋ, ಕೆಳಗಿಂದ ಬಂದಿದೆಯೋ?

ಅರ್ಜಿಯ ಕಥೆ ಓದುವ ಮುಂಚೆಯೇ ಬಜೆಟ್ ಪುಟ ತೆಗೆಯಿರಿ. ಕಥೆ ಓದಿದ ಮೇಲೆ ಮನಸ್ಸು ಮೆತ್ತಗಾಗುತ್ತದೆ. ಮಕ್ಕಳು, ನೀರು, ಬರ ಎಂದೆಲ್ಲ ಓದಿ ಆಮೇಲೆ ಅಂಕಿ ನೋಡಿದರೆ ನಾವು ಅಂಕಿಯನ್ನೂ ಕ್ಷಮಿಸಿಬಿಡುತ್ತೇವೆ.

ಪ್ರತಿ ಸಾಲಿನ ಮೊತ್ತವನ್ನು ಒಟ್ಟು ಮೊತ್ತದಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ ಶೇ. 40, 20, 15, 10, 10, 5 ಬರುತ್ತದೆ. ಒಟ್ಟು ಮೊತ್ತ ಅನುದಾನದ ಮಿತಿಗೆ ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲದೆ ಮುಟ್ಟಿದೆ. ಅಂದರೆ ಇವರು ಮೊದಲು 10 ಲಕ್ಷ ಇಟ್ಟುಕೊಂಡು, ಅದನ್ನು ಪಾಲು ಮಾಡಿದ್ದಾರೆ. ಇದನ್ನೇ ನಾನು ಮೇಲಿಂದ ಬಂದ ಬಜೆಟ್ ಅನ್ನುವುದು. ಊರಿಗೆ ಹೋಗಿ, ಅಳತೆ ತೆಗೆದು, ಅಂಗಡಿಯಲ್ಲಿ ರೇಟು ಕೇಳಿ ಮಾಡಿದ ಬಜೆಟ್ ಕೆಳಗಿಂದ ಬರುತ್ತದೆ. ಅದರಲ್ಲಿ 7,560 ಇರುತ್ತದೆ, 1,15,500 ಇರುತ್ತದೆ. ಕೂಡಿಸಿದರೆ ಮಿತಿಗಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ. ಎಷ್ಟೋ ಸಲ ಮಿತಿ ದಾಟಿಹೋಗಿ, ಆ ವ್ಯತ್ಯಾಸವನ್ನು ಎಲ್ಲಿಂದ ತುಂಬುತ್ತೇವೆ ಎಂದೂ ಬರೆದಿರುತ್ತಾರೆ.

ಎಐಗೆ ‘10 ಲಕ್ಷದ ಬಜೆಟ್ ಮಾಡಿಕೊಡು’ ಎಂದರೆ ಅದು ಮಾಡುವುದು ಪಾಲನ್ನೇ. ಆದರೆ ಪಾಲು ಮಾಡಿದ್ದು ಕಂಡ ಕೂಡಲೇ ಎಐ ಎಂದು ಬರೆಯಬೇಡಿ. ಕನ್ಸಲ್ಟೆಂಟ್‌ಗಳು ಇಪ್ಪತ್ತು ವರ್ಷದಿಂದ ಹೀಗೇ ಮಾಡಿಕೊಂಡು ಬಂದಿದ್ದಾರೆ. ಇನ್ನೊಂದು ಎಚ್ಚರಿಕೆಯೂ ಇದೆ. ನಿಮ್ಮ ಫಾರ್ಮ್‌ನಲ್ಲೇ ‘ಆಡಳಿತ ವೆಚ್ಚ ಶೇ. 10 ಮೀರಬಾರದು’ ಎಂದಿದ್ದರೆ ಆ ಸಾಲು ಶೇ. 10ಕ್ಕೇ ಬಂದು ನಿಲ್ಲುವುದು ಸಹಜ. ಹಾಗಾಗಿ ಆ ಸಾಲನ್ನು ಬಿಟ್ಟು, ಸಾಮಗ್ರಿ ಮತ್ತು ಕೂಲಿಯ ಸಾಲುಗಳನ್ನು ನೋಡಿ. ಪೈಪು ಟ್ಯಾಂಕುಗಳ ಬೆಲೆ ದುಂಡನೆಯ ಶೇಕಡಾಕ್ಕೆ ಬಂದು ಕೂರುವುದಿಲ್ಲ.

ಎರಡನೇ ಹೆಜ್ಜೆ: ದೊಡ್ಡ ಸಾಲನ್ನು ಒಂದು ಶಾಲೆಯ ಮಟ್ಟಕ್ಕೆ ಇಳಿಸಿ

ಎಲ್ಲ ಸಾಲುಗಳ ಮೇಲೂ ಸಮಯ ಕಳೆಯಬೇಡಿ. ಸ್ಟೇಷನರಿಗೆ 5,000 ಎಂದು ಸುಮ್ನೆ ಬರೆದಿದ್ದರೂ ಪರವಾಗಿಲ್ಲ. ದೊಡ್ಡ ಸಾಲೊಂದನ್ನು ಹಿಡಿದು ಕೊನೆಯವರೆಗೂ ಹೋಗಿ.

ಸಾಮಗ್ರಿ ಮತ್ತು ನಿರ್ಮಾಣಕ್ಕೆ 4 ಲಕ್ಷ. ಆರು ಶಾಲೆ. ಒಂದು ಶಾಲೆಗೆ 66,667 ರೂಪಾಯಿ ಬಂತು. ಈ ದುಡ್ಡಲ್ಲಿ ಎಷ್ಟು ಲೀಟರಿನ ಟ್ಯಾಂಕ್ ಬರುತ್ತದೆ? ಅದನ್ನು ಕೂರಿಸಲು ಕಟ್ಟೆ ಬೇಕು. ಮಾಡಿನಿಂದ ಟ್ಯಾಂಕಿಗೆ ಎಷ್ಟು ಮೀಟರ್ ಪೈಪು ಬೇಕು? ಜಲ್ಲಿ, ಮರಳು, ಇದ್ದಿಲಿನ ಸೋಸುಕ ಬೇಕು. ಮೊದಲ ಮಳೆಯಲ್ಲಿ ಮಾಡಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದು ಬರುತ್ತದೆ. ಆ ನೀರನ್ನು ಹೊರಗೆ ಬಿಡಲು ಒಂದು ಬೇರೆ ಪೈಪು ಬೇಕು. 120 ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 120 ಲೀಟರ್. ಕಡಿಮೆ ಎಂದರೂ ಅಷ್ಟನ್ನು ಪ್ರತಿ ಸಲ ಹೊರಗೆ ಬಿಡಬೇಕು. ಇದರಲ್ಲಿ ಒಂದು ಮಾತೂ ಅರ್ಜಿಯಲ್ಲಿ ಇಲ್ಲ. ಟ್ಯಾಂಕಿನ ಅಳತೆಯೇ ಇಲ್ಲ ಎಂದ ಮೇಲೆ 4 ಲಕ್ಷ ಎಂಬ ಅಂಕಿ ಎಲ್ಲಿಂದ ಬಂತು? ಶೇ. 40ರಿಂದ ಬಂತು, ಅಷ್ಟೇ.

ನಿಮಗೆ ಮಳೆನೀರು ಕೊಯ್ಲು ಗೊತ್ತಿಲ್ಲದಿದ್ದರೂ ಈ ಹೆಜ್ಜೆ ಇಡಬಹುದು. ‘ಪ್ರಮಾಣ ಎಷ್ಟು, ಒಂದಕ್ಕೆ ರೇಟು ಎಷ್ಟು, ಆ ರೇಟು ಯಾರು ಹೇಳಿದರು, ಜಿಎಸ್‌ಟಿ ಸೇರಿದೆಯಾ’ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಹೋಗಿ ನೋಡಿ ಬಂದವರಿಗೆ ನಾಲ್ಕಕ್ಕೂ ಉತ್ತರ ಇರುತ್ತದೆ.

ಮೂರನೇ ಹೆಜ್ಜೆ: ಫಲಿತಾಂಶದಲ್ಲಿ ಊರಿನ ಹೆಸರು ಬದಲಾಯಿಸಿ ನೋಡಿ

ಈಗ ಫಲಿತಾಂಶಗಳಿಗೆ ಬನ್ನಿ. ಪ್ರತಿ ವಾಕ್ಯದಲ್ಲೂ ಪಾವಗಡ ತೆಗೆದು ಶಿರಸಿ ಹಾಕಿ ಓದಿ. ಶಿರಸಿ ಮಲೆನಾಡು, ಮಳೆ ಧಾರಾಳ, ಊರಿನ ಕಷ್ಟಗಳೇ ಬೇರೆ. ‘ಶಿರಸಿಯ ಸಮುದಾಯದಲ್ಲಿ ಜಲಸಂರಕ್ಷಣೆಯ ಬಗ್ಗೆ ಗಣನೀಯ ಅರಿವು ಮತ್ತು ಸಬಲೀಕರಣ.’ ವಾಕ್ಯಕ್ಕೆ ಏನೂ ಆಗಲಿಲ್ಲ. ಹಾಗಿದ್ದರೆ ಆ ವಾಕ್ಯ ಪಾವಗಡದ ಬಗ್ಗೆಯೂ ಏನೂ ಹೇಳುತ್ತಿಲ್ಲ. ಅದಕ್ಕೆ ಅಂಕ ಕೊಡಬೇಡಿ, ಅಂಕ ಕಳೆಯಲೂ ಬೇಡಿ. ಅದರ ಮೇಲೆ ಗೆರೆ ಎಳೆದು, ಇಲ್ಲವೇ ಇಲ್ಲ ಎಂದುಕೊಂಡು ಮುಂದೆ ಹೋಗಿ. ಇಡೀ ಅರ್ಜಿಯಲ್ಲಿ ಹೀಗೆ ಗೆರೆ ಎಳೆದ ಮೇಲೆ ಉಳಿಯುವುದೇ ನಿಜವಾದ ಅರ್ಜಿ. ಹಲವು ಸಲ ಹನ್ನೆರಡು ಪುಟದಲ್ಲಿ ಒಂದೂವರೆ ಪುಟ ಉಳಿಯುತ್ತದೆ. ಅಷ್ಟು ಉಳಿದರೂ ಒಳ್ಳೆಯದೇ, ಅದನ್ನು ಗಮನವಿಟ್ಟು ಓದಿ.

ಗಣನೀಯ, ಸಮಗ್ರ, ಸುಸ್ಥಿರ, ಸಬಲೀಕರಣ, ಬಹುಆಯಾಮ ಎಂಬ ಪದಗಳು ಕಂಡಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಪದ ಕೆಟ್ಟದ್ದು ಅಂತಲ್ಲ. ಆ ಪದದ ಹಿಂದೆ ಒಂದು ಎಣಿಕೆ ಇದೆಯಾ ಎಂದು ನೋಡಲಿಕ್ಕೆ. ಯಾರಿಗೆ, ಈಗ ಎಷ್ಟು, ಆಮೇಲೆ ಎಷ್ಟು, ಯಾವಾಗ, ಎಣಿಸುವವರು ಯಾರು? ಈ ಐದರಲ್ಲಿ ‘ಈಗ ಎಷ್ಟು’ ಅನ್ನುವುದೇ ಎಲ್ಲರೂ ಬಿಟ್ಟುಬಿಡುವ ಪ್ರಶ್ನೆ. ಈಗಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಗೊತ್ತಾಗಬೇಕಾದರೆ ಯಾರಾದರೂ ಆ ಶಾಲೆಗೆ ಹೋಗಿ ಬಾಟಲಿಯಲ್ಲಿ ನೀರು ಹಿಡಿದು ಲ್ಯಾಬಿಗೆ ಕೊಟ್ಟಿರಬೇಕು. ಅದನ್ನು ಎಐ ಮಾಡಲಾರದು.

ನಾಲ್ಕನೇ ಹೆಜ್ಜೆ: ಅಂಕಿ ಇರುವ ಫಲಿತಾಂಶವನ್ನು ಲೆಕ್ಕಕ್ಕೆ ಹಾಕಿ

ಅಸ್ಪಷ್ಟ ಮಾತಿಗಿಂತ ಹೆಚ್ಚು ಮೋಸ ಮಾಡುವುದು ಚೊಕ್ಕ ಅಂಕಿ. ‘ಅಂಕಿ ಹಾಕಿ ಬರೆ’ ಎಂದರೆ ಎಐ ಅಂಕಿ ಹಾಕುತ್ತದೆ. ಅದು ನೋಡಲು ನಿರ್ದಿಷ್ಟವಾಗಿರುತ್ತದೆ, ಆದರೆ ನೆಲಕ್ಕೆ ತಾಗಿರುವುದಿಲ್ಲ. ಹಾಗಾಗಿ ಈ ಹೆಜ್ಜೆಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ.

‘ಪ್ರತಿ ಶಾಲೆಯಲ್ಲಿ ವರ್ಷಕ್ಕೆ 2 ಲಕ್ಷ ಲೀಟರ್.’ ಇದರ ಲೆಕ್ಕ ತುಂಬಾ ಸುಲಭ. ಮಾಡಿನ ಚದರ ಮೀಟರ್ ಅನ್ನು ವರ್ಷದ ಮಳೆಯ ಮಿಲಿಮೀಟರ್‌ನಿಂದ ಗುಣಿಸಿದರೆ ಲೀಟರ್ ಬರುತ್ತದೆ. ಅದರಲ್ಲಿ ಸುಮಾರು ಶೇ. 80 ಕೈಗೆ ಸಿಗುತ್ತದೆ, ಉಳಿದದ್ದು ಆವಿಯಾಗಿ, ಚೆಲ್ಲಿ, ಮೊದಲ ಮಳೆಯಲ್ಲಿ ಹೋಗುತ್ತದೆ. ಪಾವಗಡದ ಕಡೆಗೆ ಮಳೆ 600 ಮಿ.ಮೀ. ಎಂದು ಹಿಡಿಯೋಣ. ಎರಡು ಕೋಣೆ, ಒಂದು ವರಾಂಡ ಇರುವ ಶಾಲೆಯ ಮಾಡು 120 ಚದರ ಮೀಟರ್ ಎಂದುಕೊಳ್ಳೋಣ. 120 ಗುಣಿಸು 600, ಅದರ ಶೇ. 80. ಬಂದಿದ್ದು 57,600 ಲೀಟರ್. 2 ಲಕ್ಷ ಲೀಟರ್ ಬೇಕಾದರೆ ಸುಮಾರು 417 ಚದರ ಮೀಟರ್ ಮಾಡು ಬೇಕು. ಆರು ಚಿಕ್ಕ ಶಾಲೆಗಳಲ್ಲಿ ಯಾವುದಕ್ಕೂ ಅಷ್ಟು ಮಾಡು ಇರಲಾರದು.

‘ವರ್ಷವಿಡೀ ನೀರು.’ ಶಾಲೆಯಲ್ಲಿ 85 ಮಕ್ಕಳಿದ್ದಾರೆ, ತಲಾ ದಿನಕ್ಕೆ 2 ಲೀಟರ್ ಕುಡಿಯಲು ಎಂದರೆ ದಿನಕ್ಕೆ 170 ಲೀಟರ್. ತಿಂಗಳಿಗೆ 22 ಶಾಲಾ ದಿನ ಹಿಡಿದರೆ 3,740 ಲೀಟರ್. ವರ್ಷದ ಲೆಕ್ಕಕ್ಕೆ 57,600 ಲೀಟರ್ ಬೇಕಾದಷ್ಟಾಯಿತು. ಆದರೆ ಆ ಕಡೆ ಮಳೆ ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಬಂದುಬಿಡುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ನಾಲ್ಕು ತಿಂಗಳು ಟ್ಯಾಂಕಿನಲ್ಲಿ ಇದ್ದದ್ದೇ ನೀರು. ಅದಕ್ಕೆ ಸುಮಾರು 15,000 ಲೀಟರ್ ಕೂಡಿಟ್ಟಿರಬೇಕು. 5,000 ಲೀಟರ್ ಟ್ಯಾಂಕ್ ಒಂದೇ ಇಟ್ಟರೆ ಜನವರಿ ಎರಡನೇ ವಾರಕ್ಕೆ ಖಾಲಿ. ಹಾಗಾಗಿ ‘ವರ್ಷವಿಡೀ’ ಎಂಬ ಮಾತಿಗೆ ಅರ್ಥ ಬರುವುದು ಟ್ಯಾಂಕಿನ ಅಳತೆಯಿಂದ. ಆ ಅಳತೆ ಅರ್ಜಿಯಲ್ಲಿ ಇಲ್ಲ.

‘ಒಂದು ವರ್ಷದಲ್ಲಿ ಹಲ್ಲಿನ ಫ್ಲೋರೋಸಿಸ್ ಶೇ. 40 ಇಳಿಕೆ.’ ಇದು ಆಗುವ ಮಾತೇ ಅಲ್ಲ. ಹಲ್ಲು ಒಸಡಿನ ಒಳಗೆ ರೂಪುಗೊಳ್ಳುವಾಗ, ಅಂದರೆ ಚಿಕ್ಕ ವಯಸ್ಸಿನಲ್ಲೇ, ಫ್ಲೋರೈಡ್ ತನ್ನ ಕೆಲಸ ಮಾಡಿರುತ್ತದೆ. ಶಾಶ್ವತ ಹಲ್ಲಿನ ಮೇಲೆ ಬಂದ ಕಂದು ಕಲೆ ನೀರು ಬದಲಾಯಿಸಿದರೆ ಹೋಗುವುದಿಲ್ಲ. ಫ್ಲೋರೈಡ್ ಊರಲ್ಲಿ ಕೆಲಸ ಮಾಡಿದವರು ಯಾರೂ ಈ ವಾಕ್ಯ ಬರೆಯುವುದಿಲ್ಲ. ಅವರು ಬರೆಯುವುದು ಹೀಗೆ: ‘ಈಗ ಮಕ್ಕಳು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.8 ಮಿಲಿಗ್ರಾಂ ಇದೆ, ಲ್ಯಾಬ್ ವರದಿ ಲಗತ್ತಿಸಿದೆ. ಟ್ಯಾಂಕ್ ನೀರಿನಲ್ಲಿ ಅದು 1ಕ್ಕಿಂತ ಕಡಿಮೆ ಇರುತ್ತದೆ.’ ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಈ ಫಲಿತಾಂಶ ಚಿಕ್ಕದು, ಆದರೆ ಅಳೆಯಬಹುದು, ಆಗಿಯೂ ಆಗುತ್ತದೆ.

ನಿಮ್ಮ ಸಮಿತಿಯಲ್ಲಿ ಆ ವಿಷಯ ಬಲ್ಲವರು ಇಲ್ಲದಿದ್ದರೆ ಒಬ್ಬ ದಂತವೈದ್ಯರಿಗೋ, ಪಂಚಾಯಿತಿ ಎಂಜಿನಿಯರಿಗೋ ಈ ಒಂದು ವಾಕ್ಯವನ್ನಷ್ಟೇ ಓದಿ ಹೇಳಿ. ಅರ್ಜಿ ಕಳಿಸಬೇಕಾಗಿಲ್ಲ. ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಐದನೇ ಹೆಜ್ಜೆ: ಮಾತಿಗೂ ದುಡ್ಡಿಗೂ ತಾಳೆ ಹಾಕಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಫಲಿತಾಂಶಗಳನ್ನು, ಬಲಗಡೆ ಬಜೆಟ್ ಸಾಲುಗಳನ್ನು ಬರೆಯಿರಿ. ಯಾವುದರಿಂದ ಯಾವುದು ಎಂದು ಗೆರೆ ಎಳೆಯಿರಿ. ಗೆರೆ ಸಿಗದೆ ಉಳಿದವುಗಳೇ ನಿಮ್ಮ ಪ್ರಶ್ನೆಗಳು.

ನಮ್ಮ ಅರ್ಜಿಯಲ್ಲಿ ಎಡಗಡೆ ‘ಸುರಕ್ಷಿತ ನೀರು’ ಇದೆ. ಬಲಗಡೆ ನೀರಿನ ಪರೀಕ್ಷೆಗೆ ಒಂದು ರೂಪಾಯಿಯೂ ಇಲ್ಲ. ಎಡಗಡೆ ‘ಫ್ಲೋರೋಸಿಸ್ ಇಳಿಕೆ’ ಇದೆ, ಬಲಗಡೆ ಮಕ್ಕಳ ಹಲ್ಲು ನೋಡುವ ವೈದ್ಯರ ಖರ್ಚಿಲ್ಲ. ಬಲಗಡೆ ತರಬೇತಿಗೆ 2 ಲಕ್ಷ ಇದೆ. ಯಾರಿಗೆ ತರಬೇತಿ? ಟ್ಯಾಂಕ್ ತೊಳೆಯುವುದನ್ನು, ಮೊದಲ ಮಳೆಯ ಕವಾಟ ತೆಗೆಯುವುದನ್ನು ಬಿಸಿಯೂಟದ ಅಕ್ಕಂದಿರಿಗೆ, ಒಬ್ಬ ಶಿಕ್ಷಕರಿಗೆ ಹೇಳಿಕೊಡಲು ಅರ್ಧ ದಿನ ಸಾಕು. ಆರು ಶಾಲೆಗೆ 2 ಲಕ್ಷ ಎಲ್ಲಿ ಹೋಗುತ್ತದೆ? ಕಥೆಯನ್ನೂ ಬಜೆಟ್ಟನ್ನೂ ಬೇರೆ ಬೇರೆಯಾಗಿ ಕೇಳಿ ಬರೆಸಿಕೊಂಡಾಗ ಹೀಗಾಗುತ್ತದೆ. ಎರಡೂ ಬಿಡಿಬಿಡಿಯಾಗಿ ಸರಿ ಕಾಣುತ್ತವೆ, ಪಕ್ಕಪಕ್ಕ ಇಟ್ಟಾಗ ಒಂದಕ್ಕೊಂದು ಪರಿಚಯವೇ ಇರುವುದಿಲ್ಲ. ನನ್ನ ಅನುಭವದಲ್ಲಿ ಎಲ್ಲ ಹೆಜ್ಜೆಗಳಲ್ಲೂ ಹೆಚ್ಚು ಹೇಳುವುದು ಇದೇ.

ಆರನೇ ಹೆಜ್ಜೆ: ಫೋನ್ ಮಾಡಿ

ಇಷ್ಟರವರೆಗೆ ಸಿಕ್ಕಿದ್ದು ಅನುಮಾನ ಮಾತ್ರ. ಕಾಗದದ ಮೇಲೆ ನಿಂತು ತಿರಸ್ಕರಿಸಬೇಡಿ. ಹದಿನೈದು ನಿಮಿಷ ಮಾತಾಡಿ. ಸಂಸ್ಥೆಯ ಅಧ್ಯಕ್ಷರ ಜೊತೆಗಲ್ಲ, ಊರಿಗೆ ಓಡಾಡುವ ಕಾರ್ಯಕರ್ತರ ಜೊತೆಗೆ, ಕನ್ನಡದಲ್ಲಿ. ‘ನೀವು ಎಐ ಬಳಸಿದಿರಾ’ ಎಂದು ಮೊದಲೇ ಕೇಳಿದರೆ ಅವರು ಹೆದರುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಊರಿನ ಬಗ್ಗೆ ಕೇಳಿ.

ನಾನು ಕೇಳುವುದು ಹೀಗೆ. ‘ಶಾಲೆ ಮಾಡು ಎಂಥದ್ದು? ಟ್ಯಾಂಕ್ ಎಲ್ಲಿ ಇಡ್ತೀರಿ? ಈಗ ಮಕ್ಕಳು ಯಾವ ನೀರು ಕುಡೀತಾರೆ? ಊರಲ್ಲಿ ಶುದ್ಧ ನೀರಿನ ಘಟಕ ಇದ್ರೆ ಶಾಲೆಗೆ ಯಾಕೆ ಅದನ್ನು ತರ್ತಿಲ್ಲ? ಟ್ಯಾಂಕಿನ ನಲ್ಲಿ ಮುರಿದ್ರೆ ಯಾರು ರಿಪೇರಿ ಮಾಡಿಸ್ತಾರೆ?’

ಕೆಲಸ ಗೊತ್ತಿರುವವರ ಉತ್ತರ ನೇರವಾಗಿ ಬರುತ್ತದೆ, ಜೊತೆಗೆ ನಾವು ಕೇಳದ ವಿಷಯವೂ ಬರುತ್ತದೆ. ‘ಮೇಡಂ, ಎರಡು ಶಾಲೆ ಆರ್‌ಸಿಸಿ, ಅಲ್ಲಿ ಮಾಡಿನ ಅಂಚಿಗೆ ನೀರು ಹರಿಸೋ ದೋಣಿ ಹಾಕೋ ಹಂಗಿಲ್ಲ, ಮಾಡಿನ ತೂತಿಂದ ಪೈಪ್ ಇಳಿಸ್ಬೇಕು. ಒಂದು ಹೆಂಚಿಂದು, ಅದಕ್ಕೆ ದೋಣಿ ಬೇಕು. ಇನ್ನೊಂದ್ರಲ್ಲಿ ಮಾಡೇ ಸೋರ್ತದೆ, ಅದು ರಿಪೇರಿ ಆಗ್ದೆ ನಾವು ಏನೂ ಮಾಡಂಗಿಲ್ಲ. ನೀರಿನ ಘಟಕ ಐತೆ, ಆದ್ರೆ ಕೆಟ್ಟು ಮೂರು ತಿಂಗಳಾಯ್ತು.’ ಇಂಥ ಉತ್ತರ ಬಂದರೆ, ಅರ್ಜಿಯನ್ನು ಯಾರು ಬರೆದರೂ ಸರಿ, ಕೆಲಸ ಮಾಡುವ ಮನುಷ್ಯ ಅಲ್ಲಿದ್ದಾರೆ. ಇನ್ನೊಂದು ಥರದ ಉತ್ತರ, ‘ನಾವು ಎಲ್ಲ ಭಾಗೀದಾರರ ಜೊತೆ ಸಮಾಲೋಚಿಸಿ ಸೂಕ್ತ ತಂತ್ರಜ್ಞಾನ ಅಳವಡಿಸುತ್ತೇವೆ.’ ಎರಡು ಸಲ ಬೇರೆ ಬೇರೆ ರೀತಿ ಕೇಳಿ. ಆಗಲೂ ಅದೇ ಬಂದರೆ ಬರೆದುಕೊಳ್ಳಿ.

ಮಾತಾದ ಮೇಲೆ ಒಂದು ವಾರ ಸಮಯ ಕೊಟ್ಟು ನಾಲ್ಕು ಕಾಗದ ಕೇಳಿ: ಅಂಗಡಿಯ ಕೊಟೇಶನ್, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಒಪ್ಪಿಗೆ ಪತ್ರ, ಪ್ರತಿ ಶಾಲೆಗೂ ಸರ್ಕಾರ ಕೊಟ್ಟಿರುವ ಯುಡೈಸ್ ಸಂಖ್ಯೆ, ಈಗಿನ ನೀರಿನ ಪರೀಕ್ಷೆಯ ವರದಿ. ಇವೆಲ್ಲ ಹೊರಗಿನ ಗೂಟಗಳು, ಅರ್ಜಿಯ ಮಾತನ್ನು ನೆಲಕ್ಕೆ ಕಟ್ಟುವಂಥವು. ಯುಡೈಸ್ ಸಂಖ್ಯೆಯಲ್ಲಿ 11 ಅಂಕಿ ಇರುತ್ತವೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಕೊಟೇಶನ್ ಮೇಲಿನ ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ, ಕರ್ನಾಟಕದ ಅಂಗಡಿಗೆ ಅದೂ 29ರಿಂದಲೇ. ಆದರೆ ಪಾವಗಡವನ್ನು ಆಂಧ್ರ ಬಹುಪಾಲು ಸುತ್ತುವರಿದಿದೆ. ಹಿಂದೂಪುರದ ಅಂಗಡಿಯಿಂದ ಕೊಟೇಶನ್ ತಂದಿದ್ದರೆ 37 ಇರುತ್ತದೆ, ಅದನ್ನು ತಪ್ಪು ಎಂದುಕೊಳ್ಳಬೇಡಿ. ಬೆಂಗಳೂರಿನ ಅಂಗಡಿಯ ಕೊಟೇಶನ್ ಬಂದರೆ ಸಾಗಾಟದ ಖರ್ಚು ಎಲ್ಲಿ ಎಂದು ಕೇಳಿ.

ತಿದ್ದಿದ ಬಜೆಟ್ ಹೇಗಿರುತ್ತದೆ

ನಮ್ಮ ನಮೂನೆಯ ಸಂಸ್ಥೆ ವಾರದ ನಂತರ ಕಳಿಸಿದ್ದು ಇದು ಎಂದುಕೊಳ್ಳಿ. ಶಾಲೆ ಆರಲ್ಲ, ನಾಲ್ಕು. ಮಾಡು ಸೋರುವ ಶಾಲೆಯನ್ನೂ, ಟ್ಯಾಂಕಿಗೆ ಜಾಗವಿಲ್ಲದ ಇನ್ನೊಂದನ್ನೂ ಬಿಟ್ಟಿದ್ದಾರೆ. ಮೊದಲ ಶಾಲೆಗೆ 5,000 ಲೀಟರಿನ ಮೂರು ಟ್ಯಾಂಕ್, ಒಂದಕ್ಕೆ 38,500ರಂತೆ 1,15,500. ಕಲ್ಲಿನ ಕಟ್ಟೆ 22,000. ನಾಲ್ಕು ಇಂಚಿನ ಪೈಪು 36 ಮೀಟರ್, ಮೀಟರಿಗೆ 210ರಂತೆ 7,560. ಸೋಸುಕ ಮತ್ತು ಮೊದಲ ಮಳೆಯ ಪೈಪು 14,000. ಇಬ್ಬರು, ನಾಲ್ಕು ದಿನ, ದಿನಕ್ಕೆ 900ರಂತೆ ಕೂಲಿ 7,200. ಸಾಗಾಟ 6,500. ಒಟ್ಟು 1,72,760. ಉಳಿದ ಮೂರು ಶಾಲೆಗಳ ಮೊತ್ತ ಬೇರೆ ಬೇರೆ, ಯಾಕೆಂದರೆ ಮಾಡು ಬೇರೆ, ಮಕ್ಕಳ ಸಂಖ್ಯೆ ಬೇರೆ. ನಾಲ್ಕೂ ಸೇರಿ 6,84,350. ಒಬ್ಬ ಕಾರ್ಯಕರ್ತೆಗೆ ತಿಂಗಳಿಗೆ 14,000, ಹನ್ನೆರಡು ತಿಂಗಳಿಗೆ 1,68,000. ಓಡಾಟ 42,000. ನಾಲ್ಕು ಶಾಲೆಯ ನೀರಿಗೆ ವರ್ಷದಲ್ಲಿ ನಾಲ್ಕು ಸಲ ಪರೀಕ್ಷೆ, ಒಂದಕ್ಕೆ 600ರಂತೆ 9,600. ಲೆಕ್ಕಪತ್ರ ಮತ್ತು ಆಡಿಟ್ 25,000. ಎಲ್ಲ ಸೇರಿ 9,28,950.

ಮೊದಲ ಅರ್ಜಿಯಲ್ಲಿ ಒಂದು ಶಾಲೆಗೆ 66,667 ಇತ್ತು. ನಿಜವಾದ ಖರ್ಚು ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ಮೊದಲಿನದಕ್ಕೇ ದುಡ್ಡು ಕೊಟ್ಟಿದ್ದರೆ ಆರು ಶಾಲೆಗೂ ಒಂದೊಂದು ಚಿಕ್ಕ ಟ್ಯಾಂಕ್ ಬರುತ್ತಿತ್ತು, ಜನವರಿಯಲ್ಲಿ ಆರೂ ಕಡೆ ಖಾಲಿಯಾಗುತ್ತಿದ್ದವು, ಮಕ್ಕಳು ಮತ್ತೆ ಕೊಳವೆಬಾವಿಯ ನೀರಿಗೆ ಹೋಗುತ್ತಿದ್ದರು.

ತಿದ್ದಿದ ಬಜೆಟ್ ಕೂಡ ಎಐನಿಂದಲೇ ಬಂದಿರಬಹುದಲ್ವಾ ಎಂದು ನೀವು ಕೇಳಬಹುದು. ಬಂದಿರಬಹುದು. ಅದಕ್ಕೇ ಕೊಟೇಶನ್ ಕೇಳಿದ್ದು. ಒಂದೆರಡು ಸಾಲು ಹಿಡಿದು ಆ ಅಂಗಡಿಗೇ ಫೋನ್ ಮಾಡಿ, ಮುಖ್ಯ ಶಿಕ್ಷಕರಿಗೆ ಒಂದು ಫೋನ್ ಮಾಡಿ, ‘ಅಳತೆ ತೆಗೆಯಲು ಯಾರಾದರೂ ಬಂದಿದ್ದರಾ’ ಎಂದು ಕೇಳಿ. ಅಂಕಿ ನಿಜವಾಗಿದ್ದು, ಎಐ ಅದನ್ನು ಅಂದವಾಗಿ ಜೋಡಿಸಿಕೊಟ್ಟಿದ್ದರೆ ಅದರಲ್ಲಿ ನನಗೆ ತಕರಾರಿಲ್ಲ.

ತೀರ್ಮಾನ ಬರೆಯುವಾಗ

ಎಐ ಬರೆದಿದೆ ಎನ್ನಲು ನೇರ ಸಾಕ್ಷಿ ಸಿಗುವುದು ಬಹಳ ಅಪರೂಪ. ‘ಇಲ್ಲಿ ಸಂಸ್ಥೆಯ ಹೆಸರು ಸೇರಿಸಿ’ ಎಂಬ ಖಾಲಿ ಜಾಗ ಹಾಗೇ ಉಳಿದಿದ್ದರೆ, ರೂಪಾಯಿ ಇರಬೇಕಾದ ಕಡೆ ಡಾಲರ್ ಇದ್ದರೆ, ಇಲ್ಲದ ಸರ್ಕಾರಿ ಯೋಜನೆಯ ಹೆಸರಿದ್ದರೆ, ಅದನ್ನು ದಾಖಲಿಸಿ. ಖಾಲಿ ಜಾಗ ಹಳೇ ನಮೂನೆಯಿಂದಲೂ ಉಳಿದಿರಬಹುದು, ಅದು ನೆನಪಿರಲಿ. ಉಳಿದಂತೆ ನಿಮ್ಮ ಟಿಪ್ಪಣಿಯಲ್ಲಿ ‘ಎಐ’ ಎಂಬ ಪದವೇ ಬೇಡ. ‘ಟ್ಯಾಂಕಿನ ಅಳತೆ ಇಲ್ಲ. 2 ಲಕ್ಷ ಲೀಟರ್ ಈ ಮಾಡಿನಿಂದ ಬರುವುದಿಲ್ಲ. ನೀರಿನ ಪರೀಕ್ಷೆಗೆ ಹಣ ಇಟ್ಟಿಲ್ಲ. ಕೇಳಿದ ಮೇಲೂ ಉತ್ತರ ಬರಲಿಲ್ಲ.’ ಹೀಗೆ ಬರೆದರೆ ಸಂಸ್ಥೆಯವರು ಮುಂದಿನ ಸಲ ತಿದ್ದಿಕೊಳ್ಳಬಹುದು, ಪ್ರಶ್ನಿಸಿದರೆ ನೀವೂ ಉತ್ತರಿಸಬಹುದು. ‘ಎಐ ಬರೆದಂತಿದೆ’ ಎಂದರೆ ಎರಡೂ ಆಗುವುದಿಲ್ಲ.

ದೊಡ್ಡ ಸಂಸ್ಥೆಗಳ ದಾರಿ ಸ್ವಲ್ಪ ಬೇರೆ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್, ಬಹುಪಾಲು ಎಐ ಬರೆದ ಅರ್ಜಿಗಳನ್ನು ಅರ್ಜಿದಾರರ ಸ್ವಂತ ವಿಚಾರ ಎಂದು ಪರಿಗಣಿಸುವುದಿಲ್ಲ ಎಂದು 2025ರಲ್ಲಿ ಹೇಳಿತು. ಒಬ್ಬ ಸಂಶೋಧಕರಿಗೆ ವರ್ಷಕ್ಕೆ ಆರು ಅರ್ಜಿ ಎಂಬ ಮಿತಿಯನ್ನೂ ಹಾಕಿತು. ಅದು ಅವರ ಪರಿಸ್ಥಿತಿಗೆ. ನಮ್ಮಲ್ಲಿ ಅರ್ಜಿ ಕೊಡುವವರ ಕಷ್ಟ ವಿಚಾರದ್ದಲ್ಲ, ಇಂಗ್ಲಿಷ್‌ನದ್ದು. ಆದರೆ ಅವರ ಇನ್ನೊಂದು ನಿಯಮ ನಮಗೂ ಬೇಕು. ಅರ್ಜಿ ಪರಿಶೀಲಿಸುವವರು ಅದನ್ನು ಎಐ ಸಾಧನಕ್ಕೆ ಹಾಕಬಾರದು ಎಂದು ಎನ್‌ಐಎಚ್ 2023ರಲ್ಲೇ ಹೇಳಿದೆ. ಅರ್ಜಿಯಲ್ಲಿ ಮಕ್ಕಳ ವಿವರ, ಕಾರ್ಯಕರ್ತರ ಫೋನ್ ನಂಬರ್, ಬ್ಯಾಂಕ್ ಖಾತೆ ಇರುತ್ತವೆ. ಅವರು ನಂಬಿ ಕೊಟ್ಟದ್ದು ನಮಗೆ. ಪತ್ತೆ ಸಾಧನಕ್ಕೆ ಅಂಟಿಸಿ ನೋಡುವುದೂ ಇದರಲ್ಲೇ ಬಂತು.

ಮುಂದಿನ ಸಲದ ಫಾರ್ಮ್‌ನಲ್ಲಿ ಮೂರು ಬದಲಾವಣೆ ಮಾಡಿಕೊಳ್ಳಿ. ‘ಯೋಜನೆಯ ಪರಿಣಾಮವನ್ನು 500 ಪದಗಳಲ್ಲಿ ವಿವರಿಸಿ’ ಎಂಬ ಪ್ರಶ್ನೆ ತೆಗೆದುಹಾಕಿ. ಅದು ಖಾಲಿ ಮಾತನ್ನು ನಾವೇ ಕೇಳಿ ಪಡೆದಂತೆ. ಅದರ ಜಾಗದಲ್ಲಿ ‘ಈಗ ಎಷ್ಟು, ಆಮೇಲೆ ಎಷ್ಟು, ಹೇಗೆ ಎಣಿಸುತ್ತೀರಿ’ ಎಂದು ಮೂರು ಚಿಕ್ಕ ಖಾನೆ ಇಡಿ. ಬಜೆಟ್‌ಗೆ ಶೇಕಡಾ ಖಾನೆ ಬೇಡ. ವಸ್ತು, ಪ್ರಮಾಣ, ಒಂದರ ರೇಟು, ರೇಟು ಎಲ್ಲಿಂದ ಸಿಕ್ಕಿತು ಎಂಬ ನಾಲ್ಕು ಖಾನೆ ಇರಲಿ. ಮೂರನೆಯದು, ಫಾರ್ಮ್‌ನ ಮೇಲ್ಭಾಗದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ: ‘ಕನ್ನಡದಲ್ಲಿ, ಕೈಬರಹದಲ್ಲಿ ಬರೆದ ಅರ್ಜಿಯನ್ನೂ ತೆಗೆದುಕೊಳ್ಳುತ್ತೇವೆ.’